ನಲವತ್ತಕ್ಕೆ ಮೂವತ್ತೇಳು

ನಮ್ಮ ಆಫೀಸಲ್ಲಿ ಗುಂಡಿ ಮುಚ್ಚಿದ ವರದಿಯ ಕರಡು ಸಿದ್ಧವಾಗಿತ್ತು. ಸಾರಾಂಶದ ಪ್ರಕಾರ ಮುಚ್ಚಿದ ಗುಂಡಿ 412. ಒಂಬತ್ತನೇ ಪುಟದ ಕೋಷ್ಟಕವನ್ನು ಕೂಡಿದರೆ 214. ಈ ಕರಡಿಗೆ ಪಕ್ಕದ ಸೆಕ್ಷನ್ನಿನ ಇಬ್ಬರು ಸಹೋದ್ಯೋಗಿಗಳು ಹೊಸ ಅಂಕಪಟ್ಟಿ ಹಿಡಿದು ಅಂಕ ಹಾಕಿದರು. ವರದಿಗೆ 40ಕ್ಕೆ 37 ಬಂತು. ಪಾಸಾಗಲು 30 ಸಾಕು.

ಅಂಕಪಟ್ಟಿ ಮಾಡಿದ್ದು ನಮ್ಮದೇ ಸಮಿತಿ, ನಾನೂ ಅದರಲ್ಲಿದ್ದೆ. ಪ್ರಶ್ನೆಗೊಂದು ಅಂಕ. ರಚನೆಗೆ 8 ಪ್ರಶ್ನೆ, ಧಾಟಿಗೆ 8, ನಿಖರತೆಗೆ 4. ವಿನ್ಯಾಸಕ್ಕೆ 20, ಯಾಕೆಂದರೆ ಅಂಚು, ಫಾಂಟು, ಲೋಗೋದ ಬಗ್ಗೆ ಪ್ರಶ್ನೆ ಹುಟ್ಟಿಸೋದು ಸುಲಭ. ನಿಖರತೆ ನೋಡೋಕೆ ಫೈಲು ತೆಗೀಬೇಕಲ್ಲ! ಹೀಗಾಗಿ ವರದಿಯಲ್ಲಿ ಒಂದೇ ಒಂದು ನಿಜ ಇಲ್ಲದಿದ್ದರೂ, ಉಳಿದದ್ದೆಲ್ಲ ಸರಿಯಿದ್ದರೆ 36 ಗ್ಯಾರಂಟಿ. ನಮ್ಮ ಕರಡಿಗೆ ನಿಖರತೆಯಲ್ಲಿ 2 ಸಿಕ್ಕಿತು. ವಿನ್ಯಾಸದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು.

ಧಾಟಿಯಲ್ಲಿ ಒಂದು ಅಂಕ ಹೋಯಿತು. ಒಂದು ಕಡೆ ಬರೆದವರು ಮರೆತು “ಈ ರಸ್ತೆಯಲ್ಲಿ ಗುಂಡಿ ಮುಚ್ಚಿಲ್ಲ” ಎಂದು ನೇರವಾಗಿ ಬರೆದುಬಿಟ್ಟಿದ್ದರು. “ಮುಚ್ಚುವ ಕಾರ್ಯ ಪ್ರಗತಿಯಲ್ಲಿದೆ” ಎನ್ನಬೇಕಿತ್ತಂತೆ. ವರದಿಯಲ್ಲಿ ಪೂರ್ತಿ ನಿಜವಾದ ವಾಕ್ಯ ಅದೊಂದೇ ಅಂತ ನನ್ನ ಗುಮಾನಿ.

ಟಪ್ಪಾಲು ವಿಭಾಗದ ಗಿರಿಜಮ್ಮ ಕೇಳಿದರು: “ಸಾರ್, ಎಣಿಕೆ ತಪ್ಪಿದ್ರೆ ಮಿಕ್ಕಿದ್ದನ್ನ ಯಾಕೆ ಎಣಿಸ್ತೀರ? ಅದನ್ನೇ ಮೊದಲು ನೋಡಿ, ತಪ್ಪಿದ್ರೆ ಅಲ್ಲೇ ವಾಪಸ್ ಕಳಿಸಿ. ಲೋಗೋ ಆಮೇಲೆ ನೋಡೋಣ.” ಇನ್ನೊಂದು ಮಾತನ್ನೂ ಹೇಳಿದರು. “‘ಅಂಕಿಅಂಶ ನಿಖರವಾಗಿದೆಯೇ?’ ಅಂತ ಕೇಳಿದ್ರೆ ಯಾರಾದ್ರೂ ಟಿಕ್ ಹಾಕ್ತಾರೆ. ‘ಸಾರಾಂಶದ ಪ್ರತಿ ಸಂಖ್ಯೆಯೂ ಯಾವ ಪುಟದ ಕೋಷ್ಟಕದಲ್ಲಿದೆ, ಪುಟ ಸಂಖ್ಯೆ ಬರೀರಿ’ ಅಂದ್ರೆ ಪುಟ ತಿರುಗಿಸ್ಲೇಬೇಕು.” ಇಬ್ಬರು ಪರಸ್ಪರ ನೋಡದೆ ಅಂಕ ಹಾಕಲಿ, ಒಂದೇ ಪ್ರಶ್ನೆಗೆ ಇಬ್ಬರದೂ ಬೇರೆ ಬೇರೆ ಬಂದರೆ ಪ್ರಶ್ನೆಯನ್ನೇ ತಿದ್ದಿ ಅಂತಲೂ ಸೇರಿಸಿದರು.

ಸಮಿತಿ ಎರಡು ಮೀಟಿಂಗು, ಮೂರು ಸುತ್ತು ಕಾಫಿ ಖರ್ಚು ಮಾಡಿ ಈ ಸಲಹೆಯನ್ನು ಒಪ್ಪಿತು. ಮೊದಲೇ ವಾಪಸ್ ಕಳಿಸುವ ಮಾತು ಕಠೋರವಾಯಿತೆಂದು ಕೈಬಿಟ್ಟರು. ಪುಟ ಸಂಖ್ಯೆಯ ಕಲಮನ್ನು ಮಾತ್ರ ಉಳಿಸಿಕೊಂಡು, ಪುಟಕ್ಕೆ ಸಂಬಂಧಿಸಿದ್ದೆಂದು ವಿನ್ಯಾಸದಡಿ ಸೇರಿಸಿದರು. ಈಗ ವಿನ್ಯಾಸಕ್ಕೆ 21 ಪ್ರಶ್ನೆ.

ಮತ್ತೆ ಬಂದ ಕರಡಿನಲ್ಲಿ ಸಾರಾಂಶ ಮತ್ತು ಕೋಷ್ಟಕ ಚೆನ್ನಾಗಿ ತಾಳೆಯಾಗಿದ್ದವು. ಎರಡರಲ್ಲೂ 412. ಕೋಷ್ಟಕವನ್ನೇ ತಿದ್ದಿದ್ದರು. 41ಕ್ಕೆ 39 ಬಂತು.

ಹೊಸದಾಗಿ ಮುಚ್ಚಿದವುಗಳಲ್ಲಿ ನಮ್ಮ ಗೇಟಿನ ಮುಂದಿನದೂ ಇದೆ, ಒಂಬತ್ತನೇ ಪುಟ, ಹದಿನೇಳನೇ ಸಾಲು. ನಿನ್ನೆ ಸಂಜೆ ಮಳೆಯಲ್ಲಿ ಗಿರಿಜಮ್ಮ ಅದರ ಸುತ್ತ ಸ್ಕೂಟಿ ತಳ್ಳಿಕೊಂಡು ಹೋದರು.