ಮಿಕ್ಸರ್ ಹೋತು, ಬಿಲ್ ಬಂತು

ಮನ್ಯಾಗ ಇಲ್ಲದ ಮಿಕ್ಸರಿಗೆ ನಾ ರೊಕ್ಕ ಕಟ್ಟಬೇಕಂತ. ಮೇ 1ರ ಮುಂಜಾನಿ ಚಹಾ ಕುಡಿಲಿಕತ್ತಿದ್ದೆ, ಕಲಬುರಗಿ ಬಿಸಿಲು ಏಳೂವರಿಗೇ ಕಿಡಕಿಯಿಂದ ಒಳಗ ಬಂದು ಕುಂತಿತ್ತು, ಆಗ ಮೊಬೈಲ್ ಟಣ್ ಅಂತು. ನಿಮ್ಮ ಪೇ ಲೇಟರ್ ಬಿಲ್ ₹3,750, ಕೊನಿ ದಿನ ಮೇ 5. ಪೇ ಲೇಟರ್ ಅಂದ್ರ ಆ್ಯಪಿನಾಗ ವಸ್ತು ಈಗ ತಗೊಂಡು ರೊಕ್ಕ ಆಮ್ಯಾಲ ಕಟ್ಟೋದು. ಅದರಾಗ ₹451 ಬೆಡ್‌ಶೀಟಿಂದು, ಅದು ಖರೇ, ಅದರ ಮ್ಯಾಲೇ ಕುಂತಿದ್ದೆ. ಉಳದ ₹3,299 ಮಿಕ್ಸರಿಂದು. ಮಿಕ್ಸರ್ ಎಲ್ಲದ? ಏಪ್ರಿಲ್ 24ಕ್ಕ ಬಂತು, 25ಕ್ಕ ಶೇಂಗಾ ಹಿಂಡಿ ಕುಟ್ಟೋಣಂತ ಹಚ್ಚಿದ್ರ ಸುಟ್ಟ ವಾಸನಿ ಬಂತು, ಅವತ್ತೇ ರಿಟರ್ನ್ ಹಾಕಿದ್ವಿ, 28ಕ್ಕ ಹುಡುಗ ಬಂದು ಡಬ್ಬಿ ಸಮೇತ ಒಯ್ದ. ಹೋಗ್ಯದ ಅಂದ್ರ ಹೋಗ್ಯದ.

ಶಾಪಿಂಗ್ ಆ್ಯಪಿನವರಿಗೆ ಫೋನ್ ಮಾಡ್ದೆ. "ಸರ್, ವಸ್ತು ಗೋದಾಮಿಗೆ ಮುಟ್ಟಿ ಕ್ವಾಲಿಟಿ ಚೆಕ್ ಆಗಬೇಕು, ಆಮ್ಯಾಲ ರಿಫಂಡ್, ಬಿಲ್ ಬಗ್ಗೆ ನಮಗ ಸಂಬಂಧ ಇಲ್ಲ, ಸಾಲ ಕೊಟ್ಟೋರಿಗೆ ಕೇಳ್ರಿ" ಅಂದ್ರು. ಸಾಲ ಕೊಟ್ಟೋರಿಗೆ ಕೇಳಿದ್ರ "ರಿಫಂಡ್ ಬಗ್ಗೆ ಅಂಗಡಿಯೋರಿಗೆ ಕೇಳ್ರಿ" ಅಂದ್ರು. ಇಬ್ಬರೂ ಭಾಳ ಮರ್ಯಾದಿಯಿಂದ ಮಾತಾಡಿದ್ರು, ಅದೇ ಸಿಟ್ಟು ಬರ್ಸ್ತದ ನೋಡ್ರಿ, ಜಗಳ ಆಡ್ಲಿಕ್ಕೂ ಜಾಗ ಬಿಡಲ್ಲ.

ಜಗಳ ಅಂದ್ರ ಶಾಬಜಾರದಾಗಿನ ನಮ್ಮ ಕಿರಾಣಿ ಸಾವ್ಕಾರ ನೆನಪಾಗ್ತಾನ. ನಾ ಸಣ್ಣಾಂವ ಇದ್ದಾಗ ನಮ್ಮ ಮನಿ ತಿಂಗಳೆಲ್ಲಾ ಅವನ ಉದ್ರಿ ಮ್ಯಾಲೇ ನಡೀತಿತ್ತು. ಕೆಂಪು ಬಟ್ಟಿ ಹೊದಿಸಿದ ವಹಿ, ಕಿವಿ ಮ್ಯಾಲ ಪೆನ್ಸಿಲ್, ಹಿಂದ ಗ್ವಾಡಿಗೆ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡ್, ಅದರ ಕೆಳಗೇ ಕುಂತು ಊರಿಗೆಲ್ಲಾ ಉದ್ರಿ ಬರಕೋತಿದ್ದ. ಒಮ್ಮಿ ಅವ್ವ ತಂದ ಶೇಂಗಾ ಮುಗ್ಗಲ ವಾಸನಿ ಹೊಡೀತಿತ್ತು. ನನ್ನ ಕೈಯಾಗ ಪುಡಿಕಿ ಕೊಟ್ಟು ಕಳಿಸಿದ್ಲು. ಸಾವ್ಕಾರ ಒಂದು ಕಾಳು ಬಾಯಾಗ ಹಾಕ್ಕೊಂಡ, ಕಡದ, ಮಾರಿ ಕಿವಿಚಿದ, ಹೊರಗ ಉಗುಳಿ ಬಂದು ವಹಿ ತಗದ, ನಮ್ಮ ಹೆಸರಿನ ಮುಂದ ಇದ್ದ ಸಾಲು ಹೊಡದು ಹಾಕ್ದ. ಕ್ವಾಲಿಟಿ ಚೆಕ್ಕೂ ಆತು, ರಿಫಂಡೂ ಆತು.

ಅಂವ ಏನು ದೇವರಲ್ಲ ಮತ್ತ. ಒಂದು ಅಮಾಸಿ ದಿನ ಅವ್ವ ಅವನ ಕಡಿಂದ ಟೆಂಗಿನಕಾಯಿ ತಂದ್ಲು, ಒಡದ್ರ ಒಳಗ ಕೊಳತಿತ್ತು. ವಾಪಸ್ ಒಯ್ದ್ರ "ಅಕ್ಕಾರ, ಒಡದ ಕಾಯಿ ನಾ ತಗೋಳಲ್ಲ, ಒಡೀಲಾರದ ನನಗಾರ ಹೆಂಗ ಗೊತ್ತಾಗ್ತದ" ಅಂದ. "ಒಡೀಲಾರದ ನನಗಾರ ಹೆಂಗ ಗೊತ್ತಾಗ್ತದೋ ಯಪ್ಪಾ" ಅಂದ್ಲು ಅವ್ವ. ಇಬ್ಬರ ಮಾತೂ ಖರೇನೇ. ಮೂರು ತಿಂಗಳು ಅವ್ವ ಆ ಅಂಗಡಿ ಮೆಟ್ಟಲಾ ಹತ್ತಲಿಲ್ಲ, ಎಣ್ಣಿ ಬ್ಯಾಳಿ ಸಕ್ಕರಿ ಎಲ್ಲಾ ಸೂಪರ್ ಮಾರ್ಕೆಟ್ ತನಕ ನಡಕೋತ ಹೋಗಿ ತರ್ತಿದ್ಲು, ಚೀಲ ಹೊರೋದು ಮಾತ್ರ ನಾ. ಶರಣಬಸಪ್ಪನ ಜಾತ್ರಿ ಮುಂದ ಅಪ್ಪ ಹಳಿ ಬಾಕಿ ಮುಟ್ಟಸ್ಲಿಕ್ಕೆ ಹೋದಾಗ ಸಾವ್ಕಾರ ತಾನೇ ಲೆಕ್ಕದಾಗ ಕಾಯಿ ರೊಕ್ಕ ಮುರಕೊಂಡಿದ್ದ. ಅಪ್ಪ ಖುಷಿಲೇ ಬಂದು ಹೇಳಿದ್ರು. ಅವ್ವ ಚೀಟಿ ಇಸಗೊಂಡು ನೋಡಿದ್ಲು. ಕಾಯಿ ನಾಲ್ಕು ರೂಪಾಯಿ, ಅಂವ ಮುರದದ್ದು ಮೂರು.

ಇರ್ಲಿ. ಮೇ 2ಕ್ಕ ನಮ್ಮಕ್ಕನ ಮಗಗ ಫೋನ್ ಹಚ್ಚಿದೆ, ಬೀದರದಾಗ ಒಂದು ಫೈನಾನ್ಸ್ ಕಂಪನಿದಾಗ ವಸೂಲಿ ನೋಡ್ತಾನ. "ಮಾಮಾ, ನೀವು ಇದನ್ನ ಉದ್ರಿ ಅಂತ ತಿಳಕೊಂಡೀರಿ, ಇದು ಸಾಲರಿ" ಅಂದ. ಉದ್ರಿದಾಗ ಕೊಡಾಂವ ಇಸಗೊಳ್ಳಾಂವ ಇಬ್ಬರೇ, ಅಂಗಡಿಯಾಂವನೇ ಸಾವ್ಕಾರ. ಇಲ್ಲಿ ಸಾವ್ಕಾರ ಬ್ಯಾರೆ, ಅಂಗಡಿ ಬ್ಯಾರೆ, ಸಾವ್ಕಾರ ನನ್ನ ಹೆಸರಿನ ಮ್ಯಾಲ ಅಂಗಡಿಗೆ ರೊಕ್ಕ ಕೊಟ್ಟು ಕೈ ತೊಳಕೊಂಡಾನ. ಅಂಗಡಿಯಾಂವ ಆ ರೊಕ್ಕ ಅವನಿಗೆ ವಾಪಸ್ ಮುಟ್ಟಸೋ ತನಕ ಮಿಕ್ಸರ್ ಗೋದಾಮಿನಾಗ ಇರ್ಲಿ, ಗಟಾರದಾಗ ಇರ್ಲಿ, ನಾ ಸಾಲಗಾರನೇ. ಮತ್ತ ಬಿಲ್ ಅಂಬೋದು ಒಂದು ಫೋಟೋ ಇದ್ದಂಗಂತ. ಏಪ್ರಿಲ್ 30ರ ರಾತ್ರಿ ಕ್ಲಿಕ್ ಆಗ್ಯದ, ಆಗ ರಿಫಂಡ್ ಫ್ರೇಮಿನಾಗ ಇರಲಿಲ್ಲ. ಆಮ್ಯಾಲ ಬಂದದ್ದು ಬರೋ ತಿಂಗಳ ಫೋಟೋದಾಗ ಕಾಣಸ್ತದ.

"ಹಂಗಾರ ₹451 ಅಷ್ಟೇ ಕಟ್ಟಿ ಕೂಡ್ತೀನಿ" ಅಂದೆ. ಬ್ಯಾಡೇ ಬ್ಯಾಡ ಅಂದ. ಉಳದದ್ದು ಬಾಕಿ ಅಂತ ನಿಲ್ತದ, ನನ್ನ ಆ್ಯಪಿನಾಗ ಲೇಟ್ ಫೀ ₹250 ಅಂತ ಬರದಿತ್ತು ಅದು ಬೀಳ್ತದ, ಅದಕ್ಕಿಂತ ಕೆಟ್ಟದ್ದು ಕ್ರೆಡಿಟ್ ರಿಪೋರ್ಟು, ನಾವು ಸಾಲ ಹೆಂಗ ತೀರಸ್ತೀವಿ ಅನ್ನೋದರ ದಾಖಲಿ. ಎಷ್ಟು ದಿನ ತಡ ಆಗ್ಯದ ಅಂತ ಅಲ್ಲಿ ದಿನ ಎಣಿಸಿ ಬರೀತಾರ, ಮಿಕ್ಸರ್ ಸುಟ್ಟಿತ್ತು ಅಂತ ಬರೀಲಿಕ್ಕೆ ಖಾನಿನೇ ಇಲ್ಲ. ಸಾಲ ಕೊಟ್ಟೋರು ಈ ಲೆಕ್ಕ ಆ ರಿಪೋರ್ಟ್ ಇಡೋರಿಗೆ ಮೊದ್ಲು ತಿಂಗಳಿಗೊಮ್ಮಿ ಕಳಸ್ತಿದ್ರಂತ, 2025ರ ಜನವರಿಯಿಂದ ರಿಸರ್ವ್ ಬ್ಯಾಂಕ್ ಹದಿನೈದು ದಿನಕ್ಕೊಮ್ಮಿ ಕಳಸ್ರಿ ಅಂದದ. ನಮ್ಮ ಮಾನ ಹೋಗೋದು ಲಗೂ ಆಗ್ಯದ, ರಿಫಂಡ್ ಬರೋದು ಮಾತ್ರ ಅಷ್ಟೇ ಅದ.

ಇನ್ನೊಂದು ಆಟೋ ಪೇ. ಅದನ್ನ ಇಟ್ಟಿದ್ದೇ ನಾ ಮರ್ತಿದ್ದೆ, ಅಂವನೇ ನೆನಪು ಮಾಡ್ದ. 5ಕ್ಕ ಪೂರಾ ₹3,750 ಎಳಕೋತದ, ಖಾತೆದಾಗ ಇಲ್ಲಂದ್ರ ಬ್ಯಾಂಕಿನವರದು ಬ್ಯಾರೆ ದಂಡ. ಹಂಗಂತ 4ರ ರಾತ್ರಿ ಅವಸರಲೇ ಕೈಯಿಂದ ಕಟ್ಟಬ್ಯಾಡ್ರಿ, ಆಟೋ ಪೇ ಹುಕುಂ ಮೊದಲೇ ಹೊಂಟಿರ್ತದ, ಎರಡು ಸಲ ಕಡೀಬಹುದು, ಆಗ ಎರಡು ರಿಫಂಡ್ ಕಾಯ್ತೀರಿ ಅಂತ ನಕ್ಕ. ನನಗ ನಗು ಬರಲಿಲ್ಲ. ಖಾತೆದಾಗ ರೊಕ್ಕ ಇಟ್ಟು ಸುಮ್ನ ಕುಂತೆ.

4ಕ್ಕ ಅಂಗಡಿಯೋರ ಮೆಸೇಜ್ ಬಂತು, ರಿಫಂಡ್ ಆಗ್ಯದ, ಅಭಿನಂದನೆ. ಯಾಕ ಅಭಿನಂದನೆ? ನನ್ನ ರೊಕ್ಕ ನನಗ ಕೊಡ್ಲಿಕ್ಕೆ? ಅದೂ ಕೊಟ್ಟಿರಲಿಲ್ಲ, ಬರೇ ಕಳಿಸಿದ್ರು. 5ಕ್ಕ ಆಟೋ ಪೇ ಬರೋಬರ್ ₹3,750 ಎಳಕೊಂಡ್ತು, ಇದು ಮಾತ್ರ ಒಂದು ನಿಮಿಷ ತಡ ಇಲ್ಲ. 7ಕ್ಕ ಸಾಲದ ಆ್ಯಪಿನ ಸ್ಟೇಟ್‌ಮೆಂಟ್ ನೋಡಿದ್ರ ರಿಫಂಡಿನ ಸಾಲೇ ಇಲ್ಲ. ಅಳಿಯ ಹೇಳಿದ್ದ, ಅಂಗಡಿಯೋರ ಮೆಸೇಜ್ ನಂಬಬ್ಯಾಡ್ರಿ, ಸಾಲ ಕೊಟ್ಟೋರ ಸ್ಟೇಟ್‌ಮೆಂಟಿನಾಗ ಜಮಾ ಬಂದ್ರೇ ಬಂದಂಗ ಅಂತ. ಅಂಗಡಿಯೋರ ಕಡಿಂದ ರಿಫಂಡಿನ ರೆಫರೆನ್ಸ್ ನಂಬರೂ ತಾರೀಖೂ ಕೇಳಿ ಇಸಗೊಂಡು ಸಾಲ ಕೊಟ್ಟೋರಿಗೆ ಮೇಲ್ ಹಾಕ್ದೆ. ನಂಬರ್ ಕೊಟ್ಟ ಮ್ಯಾಲ ಅವರ ದನೀನೇ ಬದಲಾತು, "ಹುಡುಕ್ತೀವಿ ಸರ್" ಅಂದ್ರು. 11ಕ್ಕ ಜಮಾ ಆತು.

ಎಲ್ಲಿ ಜಮಾ? ಬ್ಯಾಂಕಿಗಲ್ಲ, ಪೇ ಲೇಟರ್ ಖಾತೆದಾಗೇ. ಬಿಲ್ ಮೊದಲೇ ಕಟ್ಟೀನಲ್ಲ, ಹಂಗಾಗಿ ₹3,299 ಹೆಚ್ಚಿಗಿ ಅಂತ ಕುಂತದ, ಮುಂದ ಏನಾರ ಖರೀದಿ ಮಾಡಿದ್ರ ಅದರಾಗ ಮುರಕೋತಾರಂತ. ಬ್ಯಾಂಕಿಗೆ ಹಾಕ್ರಿ ಅಂತ ಇನ್ನೊಂದು ಮೇಲ್ ಕಳಿಸೀನಿ, ಏಳು ವರ್ಕಿಂಗ್ ಡೇ ಅಂದಾರ. ಅಷ್ಟರಾಗ ಮೊಬೈಲಿನಾಗ ದಿನಾ ಮಿಕ್ಸರ್ ತೋರಸ್ಲಿಕತ್ತಾರ, ಅದೇ ಮಿಕ್ಸರ್.

ಇದೆಲ್ಲಾ ಅವ್ವಗ ಹೇಳ್ಕೋತ ಕುಂತಿದ್ದೆ. ಒಳಕಲ್ಲಿನಾಗ ಶೇಂಗಾ ಕುಟ್ಟಲಿಕತ್ತಿದ್ಲು, ಕೈ ನಿಲ್ಲಸ್ಲಿಲ್ಲ.

"ನಿಂದು ಹದಿನೈದು ದಿನ ಆತು" ಅಂದ್ಲು. "ಆ ಸಾವ್ಕಾರ ನನಗ ಒಂದು ರೂಪಾಯಿ ಕೊಡೋದದ, ಮೂವತ್ತು ವರ್ಷ ಆತು."