ಇದರಲ್ಲಿ ವೇಲು ಬರುತ್ತಾ?

ಕುರ್ತಾ ಸೆಟ್ಟನ್ನು ಇಷ್ಟಪಟ್ಟಿದ್ದು ಒಂದೇ ನಿಮಿಷದಲ್ಲಿ. ಅದರೊಳಗೆ ಏನೇನು ಬರುತ್ತೆ ಅಂತ ತಿಳಿದುಕೊಳ್ಳೋಕೆ ಮೂರು ರಾತ್ರಿ ಬೇಕಾಯಿತು. ನೀವೂ ಕೊಂಡಿರುತ್ತೀರಿ, ಹಾಗಾಗಿ ಆ ಪುಟ ಹೇಗಿರುತ್ತೆ ಅಂತ ವಿವರಿಸಬೇಕಿಲ್ಲ. ಫೋಟೋದಲ್ಲಿ ಒಬ್ಬಳು ಉದ್ದನೆಯ ಹುಡುಗಿ, ಯಾವುದೋ ಹವೇಲಿಯ ಬಾಗಿಲಿಗೆ ಒರಗಿಕೊಂಡಿರುತ್ತಾಳೆ. ಮೈಮೇಲೆ ಕುರ್ತಾ, ಪ್ಯಾಂಟು, ಹೆಗಲಿಂದ ನೆಲದವರೆಗೆ ಹರಿಯುವ ದುಪಟ್ಟಾ. ಕಿವಿಯಲ್ಲಿ ಜುಮ್ಕಿ, ಕಾಲಲ್ಲಿ ಜುತ್ತಿ, ಕೈಯಲ್ಲಿ ಪುಟ್ಟ ಪರ್ಸು. ಬಾಗಿಲು ಸೆಟ್ಟಿನಲ್ಲಿ ಸೇರಿಲ್ಲ ಅಂತ ನಮಗೇ ಗೊತ್ತಾಗುತ್ತೆ. ಉಳಿದದ್ದರ ಬಗ್ಗೆ ಖಾತ್ರಿ ಇಲ್ಲ.

ನನ್ನ ಸೆಟ್ಟಿನ ಹೆಸರು ‘ಕುರ್ತಾ ಪ್ಯಾಂಟ್ ವಿತ್ ದುಪಟ್ಟಾ’. ಎಣಿಸಿದರೆ ಮೂರು. ಕೆಳಗಿನ ಟೇಬಲ್‌ನಲ್ಲಿ ‘ಸೆಟ್ ಆಫ್ 2’. ಇನ್ನೂ ಕೆಳಗೆ ಹೋದರೆ, ನಿವ್ವಳ ಪ್ರಮಾಣ 1 N. ಈ N ಅಂದರೆ ನಂಬರ್. ಪೊಟ್ಟಣದಲ್ಲಿ ಎಷ್ಟಿದೆ ಅಂತ ಬರೆಯಲೇಬೇಕು ಎಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. 2018ರಿಂದ ಆನ್‌ಲೈನ್‌ನಲ್ಲಿ ಮಾರುವವರೂ ಅದನ್ನು ಪರದೆಯ ಮೇಲೆ ತೋರಿಸಬೇಕು. ತೋರಿಸಿದ್ದಾರಲ್ಲ. ಪೊಟ್ಟಣ ಒಂದು, ಆದ್ದರಿಂದ 1 N. ಮೂರು, ಎರಡು, ಒಂದು. ಇಸ್ರೋದವರು ಹೀಗೆ ಎಣಿಸಿದರೆ ಏನಾದರೂ ಮೇಲಕ್ಕಾದರೂ ಹೋಗುತ್ತೆ.

ತಮಾಷೆ ಏನೆಂದರೆ ಇದು ಬರೀ ಬೇಜವಾಬ್ದಾರಿ ಅಲ್ಲ, ಇದರಲ್ಲಿ ಒಂದು ಕೈಚಳಕವೂ ಇದೆ. ಒಂದೇ ಪುಟದಲ್ಲಿ ಆರು ಬಣ್ಣ ಇರುತ್ತೆ. ಸಾಸಿವೆ ಬಣ್ಣ ಒತ್ತಿದರೆ ಮೂರು ತುಂಡು. ಪಿಸ್ತಾ ಹಸಿರು ಒತ್ತಿದರೆ ಟೇಬಲ್ ಸದ್ದಿಲ್ಲದೆ ಎರಡಕ್ಕೆ ಇಳಿಯುತ್ತೆ. ಬೇರೆ ಬೇರೆ ಮಾಲನ್ನು ಒಂದೇ ಪುಟದಡಿ ಪೋಣಿಸಿದ್ದಾರೆ, ಸ್ಟಾರುಗಳೆಲ್ಲ ಒಂದೇ ಕಡೆ ಕೂಡಲಿ ಅಂತ. ಹೆಸರು ಮಾತ್ರ ಬದಲಾಗೋದಿಲ್ಲ. ಪಿಸ್ತಾದವಳ ಹೆಗಲ ಮೇಲೂ ದುಪಟ್ಟಾ ಇರುತ್ತೆ. ಕೇಳಿದರೆ ‘ಸ್ಟೈಲಿಂಗ್‌ಗೆ ಮಾತ್ರ’. ನನಗೆ ಬೇಕಿದ್ದುದು ಪಿಸ್ತಾ, ಎಕ್ಸ್‌ಎಲ್. ಕೊಂಡವರನ್ನು ಯಾರೋ ನನ್ನ ಹಾಗೇ ಕೇಳಿದ್ದರು, ‘ಇದರಲ್ಲಿ ದುಪಟ್ಟಾ ಬರುತ್ತಾ?’ ಅಂತ. ಮೂರು ಉತ್ತರ. ಒಬ್ಬರು ಹೌದು. ಒಬ್ಬರು ಇಲ್ಲ. ಮೂರನೆಯವರು, ‘ನಾದಿನಿಗೆ ಗಿಫ್ಟ್ ಕೊಟ್ಟೆ, ಬಿಚ್ಚಿ ನೋಡಿಲ್ಲ.’

ನಮ್ಮ ಕಡೆ ಈ ಗೊಂದಲವೇ ಇರಲಿಲ್ಲ. ನಮಗೆ ಎಲ್ಲವೂ ‘ಚೂಡಿದಾರ್’. ಅಸಲಿಗೆ ಚೂಡಿದಾರ್ ಅಂದರೆ ಕಾಲಿಗೆ ಅಂಟಿಕೊಂಡು ಕಣಕಾಲಿನ ಹತ್ತಿರ ಬಳೆ ಬಳೆಯಾಗಿ ನೆರಿಗೆ ಬೀಳುವ ಆ ಪ್ಯಾಂಟು ಮಾತ್ರ. ಚೂಡಿ ಅಂದರೆ ಬಳೆ. ನಾವು ಆ ಬಳೆಯನ್ನು ಎಳೆದು ಇಡೀ ಮೈಗೆ ತೊಡಿಸಿದೆವು. ಕೆಳಗೆ ಪಟಿಯಾಲ ಇರಲಿ, ಪಲಾಝೊ ಇರಲಿ, ನಮ್ಮ ಬಾಯಲ್ಲಿ ಅದು ಚೂಡಿದಾರ್ ಸೆಟ್ಟು. ಸೆಟ್ಟು ಅಂದರೆ ಟಾಪು, ಪ್ಯಾಂಟು, ವೇಲು. ಚಿಕ್ಕಪೇಟೆಯಲ್ಲಿ ‘ವೇಲು ಬರುತ್ತಾ?’ ಅಂತ ಯಾರೂ ಕೇಳುತ್ತಿರಲಿಲ್ಲ. ಅಂಗಡಿಯ ಹುಡುಗ ಕೇಳದೆಯೇ ವೇಲನ್ನು ಝಾಡಿಸಿ ಬಿಚ್ಚುತ್ತಿದ್ದ. ಎರಡೂ ಕೈ ಅಗಲಿಸಿ ಒಂದು ಮಾರು, ಮೇಲೊಂದು ಮೊಳ ಅಂತ ತೋರಿಸುತ್ತಿದ್ದ. ಹುಡುಗ ಕುಳ್ಳಗಿದ್ದರೆ ನಮಗೆ ನಷ್ಟ, ನಿಜ. ಆದರೂ ಕಣ್ಣೆದುರಿನ ನಷ್ಟ.

ಸರಿ, ಪಾರ್ಸೆಲ್ ಬಂತು. ಬಿಚ್ಚಿದೆ. ಒಂದು, ಎರಡು, ಮೂರು! ವೇಲು ಬಂದಿತ್ತು. ಲಾಟರಿ ಹೊಡೆದಷ್ಟು ಖುಷಿಯಾಯಿತು. ಕಾಸು ಕೊಟ್ಟ ಮಾಲು ಬಂದಿದ್ದಕ್ಕೆ ಹೀಗೆ ಕುಣಿಯುವ ಹಾಗೆ ನಮ್ಮನ್ನು ತಯಾರು ಮಾಡಿದ್ದಾರಲ್ಲ, ಅದಕ್ಕಾದರೂ ಒಂದು ಪ್ರಶಸ್ತಿ ಕೊಡಬೇಕು.

ಧಾರವಾಡದಿಂದ ಬಂದಿದ್ದ ಅಮ್ಮ ವೇಲನ್ನು ಎತ್ತಿ ಹಿಡಿದು ನೋಡಿದಳು. ‘ಇದೇನ ವೇಲನ? ಲಾಡಿ ಮಾಡಾಕ ತಂದಿಯೇನು?’

ಟೇಪ್ ತಂದು ಅಳೆದೆ. ಪುಟದಲ್ಲಿ ಬರೆದಿದ್ದು 2.25 ಮೀಟರ್. ನನ್ನ ಕೈಯಲ್ಲಿದ್ದದ್ದು 2 ಮೀಟರ್, ಮೇಲೆ ನಾಲ್ಕು ಸೆಂಟಿಮೀಟರ್. ಆ ನಾಲ್ಕೂ ಎರಡು ತುದಿಯ ಲೇಸಿನದು. ಅಗಲವನ್ನು ಪುಟದಲ್ಲಿ ಬರೆದೇ ಇರಲಿಲ್ಲ. ಅದು 22 ಇಂಚು. ಹೆಗಲ ಮೇಲೆ ನೆಟ್ಟಗೆ ಹರಡಿ ಎದೆ ಮುಚ್ಚಿಕೊಳ್ಳೋಕೆ 36 ಇಂಚಾದರೂ ಬೇಕು. ಈ 22 ಎಲ್ಲಿಂದ ಬಂತು ಅಂತ ನಮ್ಮ ಟೈಲರ್ ಹೇಳಿಕೊಟ್ಟರು. ಬಟ್ಟೆಯ ಪನ್ನ ಸಾಮಾನ್ಯವಾಗಿ 44 ಇಂಚು. ಅದನ್ನು ಉದ್ದಕ್ಕೆ ಸರಿಯಾಗಿ ಎರಡು ಸೀಳಿದರೆ ಒಂದು ವೇಲಿನ ಬಟ್ಟೆಯಲ್ಲಿ ಎರಡು ವೇಲು. ಗುರುತು ಹಿಡಿಯೋದೂ ಸುಲಭ. ‘ಎರಡೂ ಅಂಚು ನೋಡಿ ಮೇಡಂ’ ಅಂದರು. ಒಂದು ಕಡೆ ಮಗ್ಗದ ಗಟ್ಟಿ ಅಂಚು ಹಾಗೇ ಇತ್ತು. ಇನ್ನೊಂದು ಕಡೆ ಮಡಚಿ ಹೊಲಿದಿದ್ದರು. ಅಂದರೆ ನನ್ನ ವೇಲಿನ ಜೊತೆ ಹುಟ್ಟಿದ್ದು ಇನ್ನೊಂದಿದೆ. ಎಲ್ಲೋ ಯಾರೋ ಅದನ್ನೂ ಹಿಡಿದುಕೊಂಡು ಹೀಗೇ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಮಾಡೆಲ್‌ಗೆ ಅದು ನೆಲ ಮುಟ್ಟಿದ್ದು ಹೇಗೆ ಅಂತ ಕೇಳಬೇಡಿ. ಅವಳು ಉಟ್ಟ ವೇಲು ಬೇರೆ, ಕಳಿಸುವ ವೇಲು ಬೇರೆ.

ಆಮೇಲೆ ಕಸೂತಿಯ ವಿಚಾರ. ಟೇಬಲ್‌ನಲ್ಲಿ ‘ಎಂಬ್ರಾಯ್ಡರ್ಡ್’ ಎಂದಿತ್ತು. ಫೋಟೋದಲ್ಲಿ ಕತ್ತಿನ ಸುತ್ತ ದಾರದ ಹೂವು, ನಡುವೆ ಪುಟ್ಟ ಕನ್ನಡಿ. ಅಮ್ಮ ಹುಟ್ಟಿದ ಊರಲ್ಲಿ ಬಟ್ಟೆಯ ಮುಖ ಯಾರೂ ನೋಡೋದಿಲ್ಲ, ಮೊದಲು ಬೆನ್ನು ನೋಡುತ್ತಾರೆ. ಅಲ್ಲಿನ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ವಾಪಸ್ ಬಂದು ನಡುವಿನ ಖಾಲಿ ತುಂಬುತ್ತಾರೆ. ಹಾಗಾಗಿ ಮುಂದೆಯೂ ಹಿಂದೆಯೂ ಒಂದೇ ಥರ ಕಾಣುತ್ತೆ. ಮುರ್ಗಿಯೂ ಹಾಗೇ. ಒಂದು ಸೆರಗಿನ ಗೋಪುರ ಮುಗಿಸೋಕೆ ಅಜ್ಜಿ ತಿಂಗಳುಗಟ್ಟಲೆ ಕೂರುತ್ತಿದ್ದಳಂತೆ. ಮಷೀನಿನ ಕಸೂತಿಯ ಬೆನ್ನು ಇಷ್ಟು ಚೆಂದ ಇರೋದಿಲ್ಲ. ಆದರೆ ಅದಕ್ಕೂ ಒಂದು ಪ್ರಾಮಾಣಿಕತೆ ಇದೆ. ಹಿಂದೆ ಬಾಬಿನ್‌ನ ಬಿಳಿ ದಾರ ಕಾಣುತ್ತೆ, ಕೆಲವೊಮ್ಮೆ ಹೊಲಿಯುವಾಗ ಕೊಟ್ಟ ಪೇಪರ್ ಇನ್ನೂ ಅಂಟಿಕೊಂಡು ಮೈಗೆ ಚುಚ್ಚುತ್ತೆ.

ಅಮ್ಮ ನನ್ನ ಕುರ್ತಾ ತಿರುವಿ ಹಾಕಿದಳು. ದಾರವೂ ಇಲ್ಲ, ಪೇಪರೂ ಇಲ್ಲ. ಎಲ್ಲಾ ಪ್ರಿಂಟು. ದಾರದ ಒಂದೊಂದು ಎಳೆಯನ್ನೂ ಪ್ರಿಂಟ್ ಮಾಡಿದ್ದರು. ಎಳೆಯ ಪಕ್ಕ ಬೀಳುವ ನೆರಳನ್ನೂ ಪ್ರಿಂಟ್ ಮಾಡಿದ್ದರು. ಕನ್ನಡಿಯನ್ನು ಪ್ರಿಂಟ್ ಮಾಡಿ, ಅದರೊಳಗೆ ಮಿಂಚುವ ಬೆಳಕನ್ನೂ ಪ್ರಿಂಟ್ ಮಾಡಿದ್ದರು. ಬೆಳಕು ಎಡಗಡೆಯಿಂದ ಬರುತ್ತಿತ್ತು. ನಮ್ಮನೆ ಕಿಟಕಿ ಬಲಗಡೆ ಇದೆ. ಬಟ್ಟೆ ಎಷ್ಟು ತೆಳು ಅಂದರೆ ಹೂವು ಹಿಂದಕ್ಕೂ ಅಷ್ಟೇ ಚೆನ್ನಾಗಿ ಮೂಡಿತ್ತು. ಮುಂದೆಯೂ ಹಿಂದೆಯೂ ಒಂದೇ ಥರ! ಗವಂತಿ ಅಂದರೆ ಇದೇ ಅಲ್ವಾ ಅಂದೆ. ಅಮ್ಮನಿಗೆ ನಗು ಬರಲಿಲ್ಲ.

ಬಟ್ಟೆ ತೆಳು ಅಂದ ಮೇಲೆ ಲೈನಿಂಗ್ ಮಾತು ಬರಲೇಬೇಕು. ಪುಟದಲ್ಲಿ ‘ಲೈನಿಂಗ್: ಹೌದು’ ಎಂದಿತ್ತು. ಎಷ್ಟು ಅರ್ಥಗರ್ಭಿತ ಉತ್ತರ ನೋಡಿ. ಯಾವುದಕ್ಕೆ ಲೈನಿಂಗ್? ಟಾಪಿಗೋ, ಪ್ಯಾಂಟಿಗೋ? ಟಾಪಿಗಾದರೆ ಸೊಂಟದವರೆಗೋ, ಮಂಡಿಯವರೆಗೋ? ತೋಳಿಗೆ ಸಾಮಾನ್ಯವಾಗಿ ಹಾಕೋದೇ ಇಲ್ಲ, ಹಾಕಿಲ್ಲ ಅಂತ ಬರೆಯೋದೂ ಇಲ್ಲ. ಕಾಟನ್ ಲೈನಿಂಗೋ, ಕ್ರೇಪೋ? ಮೇ ತಿಂಗಳಲ್ಲಿ ಕ್ರೇಪ್ ಲೈನಿಂಗ್ ಹಾಕಿಕೊಂಡವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ಹೊಲಿಯದ ಬಟ್ಟೆಯ ಸೆಟ್ಟಾದರೆ ಇನ್ನೂ ಒಂದು ಮಜಾ. ಟಾಪ್ ಎರಡೂವರೆ ಮೀಟರ್, ‘ವಿತ್ ಸಾಂಟೂನ್ ಇನ್ನರ್’ ಅಂತ ಬರೆದಿರುತ್ತಾರೆ. ಬಿಚ್ಚಿ ನೋಡಿದರೆ ಆ ಸಾಂಟೂನೇ ಪ್ಯಾಂಟಿನ ಬಟ್ಟೆ. ಒಂದೇ ತುಂಡು ಎರಡು ಹೆಸರಲ್ಲಿ ಹಾಜರಿ ಹಾಕಿರುತ್ತೆ.

ನನ್ನ ಕುರ್ತಾದ ಒಳಗೆ ಕೈ ಹಾಕಿ, ಕೈ ಬೆರಳು ಎಣಿಸಿದೆ. ಐದೂ ಹೊರಗಿನಿಂದ ಕಂಡವು. ಲೈನಿಂಗ್ ಇದ್ದದ್ದು ಎಲ್ಲಿ ಗೊತ್ತಾ? ಕತ್ತಿನ ಪಟ್ಟಿಯ ಕೆಳಗೆ, ಎರಡು ಇಂಚು.

ವಾಪಸ್ ಕಳಿಸೋಣ ಅಂತ ಹೋದೆ. ಕಾರಣ ಆರಿಸಿ ಅಂತು. ಸೈಜ್ ಸರಿಯಿಲ್ಲ, ಬಣ್ಣ ಬೇರೆ, ಮನಸ್ಸು ಬದಲಾಯಿತು. ‘ವೇಲನ್ನು ಸೀಳಿದ್ದಾರೆ’ ಅನ್ನುವ ಕಾರಣ ಇರಲಿಲ್ಲ. ಸೈಜ್ ಅಂತ ಒತ್ತಿದೆ. ಡಬಲ್ ಎಕ್ಸ್‌ಎಲ್ ಕಳಿಸ್ತೀವಿ ಅಂದರು. ಅದರಲ್ಲಿ ವೇಲು ದೊಡ್ಡದಿರುತ್ತಾ ಅಂತ ಫೋನ್ ಮಾಡಿ ಕೇಳಿದೆ. ‘ದುಪಟ್ಟಾ ಫ್ರೀ ಸೈಜ್ ಮೇಡಂ’ ಅಂದಳು ಆ ಕಡೆಯ ಹುಡುಗಿ. ಪಾಪ, ಅವಳು ಅದನ್ನು ನೋಡಿಯೂ ಇಲ್ಲ. ವೇಲೇ ಬಂದಿದೆಯಲ್ಲ, ಟೇಬಲ್ ಪ್ರಕಾರ ನಿಮಗೆ ಒಂದು ತುಂಡು ಜಾಸ್ತಿಯೇ ಬಂದಿದೆ ಅಂತಲೂ ಸೇರಿಸಿದಳು. ನಾನು ಸುಮ್ಮನಾದೆ. ಹೆಚ್ಚು ಮಾತಾಡಿದರೆ ವಾಪಸ್ ಕೇಳಿಯಾರು.

ಸಾಕಾಗಿದೆ ಕಣ್ರೀ. ಒಂದು ಟೇಪ್ ಹಿಡಿದು ಉದ್ದ, ಅಗಲ ಬರೆಯೋಕೆ ಎಷ್ಟು ಹೊತ್ತು ಬೇಕು? ಕುರ್ತಾವನ್ನು ಒಮ್ಮೆ ತಿರುಗಿಸಿ ಬೆನ್ನಿನ ಫೋಟೋ ಹಾಕೋಕೆ? ಜಾಹೀರಾತು ಮಾಡಿದ ಗುಣ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮದಲ್ಲಿ ನೆಟ್ಟಗೆ ಬರೆದಿದೆ. 1915ಕ್ಕೆ ಫೋನ್ ಮಾಡಿದರೆ ದೂರು ತಗೊಳ್ಳುತ್ತಾರೆ. ಆದರೆ 1,199 ರೂಪಾಯಿಗೆ ಯಾರು ರಜೆ ಹಾಕಿಕೊಂಡು ಕೂರುತ್ತಾರೆ? ಅದು ಅವರಿಗೂ ಗೊತ್ತು. ಆ 14 ಇಂಚು ಅಗಲ, ಆ ಒಂದು ಗೇಣು ಉದ್ದ ಕಡಿಮೆ ಮಾಡಿದ್ದು ಮರೆವಿನಿಂದಲ್ಲ, ಲೆಕ್ಕ ಹಾಕಿ.

ಭಾನುವಾರ ನಾದಿನಿ ಮಗುವಿನ ನಾಮಕರಣ. ಗುರುವಾರ ಟೈಲರ್ ಹತ್ತಿರ ಓಡಿದೆ. ಅವರು ಕುರ್ತಾವನ್ನು ಬೆಳಕಿಗೆ ಹಿಡಿದರು, ವೇಲನ್ನು ಮಡಚಿದರು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ವೇಲು ಬಿಳಿ ಮಲ್ಮಲ್. ‘ಅಗಲ 22, ಉದ್ದ 2 ಮೀಟರ್. ಮಧ್ಯ ಕತ್ತರಿಸಿದರೆ ಮುಂದಕ್ಕೊಂದು ಪೀಸು, ಹಿಂದಕ್ಕೊಂದು ಪೀಸು. ಹೊಲಿಗೆಗೆ ಹೋಗಿ 42 ಸುತ್ತಳತೆ ಸಿಗುತ್ತೆ. ಮಂಡಿ ಹತ್ತಿರದವರೆಗೂ ಬರುತ್ತೆ. ತೋಳಿಗೆ ಮಾತ್ರ ಆಗಲ್ಲ’ ಅಂದರು. ಎಕ್ಸ್‌ಎಲ್ ಕುರ್ತಾದ ಸುತ್ತಳತೆ 42. ಅಳತೆ ಮಾಡಿಸಿದಂತೆ ಕೂತಿತು. ಕೂಲಿ 200 ರೂಪಾಯಿ.

ಹೀಗೆ ವೇಲು ಲೈನಿಂಗ್ ಆಯಿತು. ಈಗ ನನ್ನ ಹತ್ತಿರ ಒಂದು ಕುರ್ತಾ, ಒಂದು ಪ್ಯಾಂಟು. ‘ಲೈನಿಂಗ್: ಹೌದು’, ‘ಸೆಟ್ ಆಫ್ 2’. ಮತ್ತೊಮ್ಮೆ ಆ ಪುಟ ತೆಗೆದು ನೋಡಿದೆ. ಟೇಬಲ್‌ನಲ್ಲಿ ಒಂದಕ್ಷರ ಸುಳ್ಳಿಲ್ಲ. ಕಸೂತಿ ಒಂದು ಬಾಕಿ ಇದೆ, ಅದಕ್ಕೆ ಅಮ್ಮ ಸೂಜಿ ಹುಡುಕುತ್ತಿದ್ದಾಳೆ.