ಮೆಸ್ ಕಮಿಟಿಗೆ ಬರೆದ ಪತ್ರ: ಬಿಲ್ ಅಷ್ಟೇ ಇರಲಿ, ಸಾಂಬಾರ್ ಸ್ವಲ್ಪ ಕಮ್ಮಿಯಾಗಲಿ

ನಮ್ಮ ಮೈಸೂರಿನ ಹಾಸ್ಟೆಲ್ ಮೆಸ್ ಕಮಿಟಿಗೆ ಬರೆದ ಪತ್ರ ಇದು. ನೋಟಿಸ್ ಬೋರ್ಡಿಗೆ ಹಾಕಿದರೆ ಯಾರೂ ಓದಲ್ಲ, ಅದಕ್ಕೆ ಇಲ್ಲೂ ಹಾಕ್ತಿದ್ದೀನಿ. ಬೇರೆ ಹಾಸ್ಟೆಲ್‌ನವರಿಗೂ ಉಪಯೋಗ ಆಗಬಹುದು, ಯಾಕಂದ್ರೆ ಎಲ್ಲ ಕಡೆ ಕಥೆ ಹೆಚ್ಚುಕಮ್ಮಿ ಇದೇ.

ಮೆಸ್ ಕಮಿಟಿಯ ಗೆಳೆಯರೇ, ವಾರ್ಡನ್ ಸರ್,

ಊಟ ಚೆನ್ನಾಗಿಲ್ಲ ಅಂತ ಹೇಳೋಕೆ ಈ ಪತ್ರ ಅಲ್ಲ. ನಮ್ಮ ಅಡುಗೆಯಣ್ಣನ ಕೈರುಚಿ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರೋದು ಮೆನು ಬಗ್ಗೆ. ಮಧ್ಯಾಹ್ನ ತೊಗರಿಬೇಳೆ ಸಾಂಬಾರ್, ರಾತ್ರಿ ತೊಗರಿಬೇಳೆ ಸಾಂಬಾರ್. ಎಷ್ಟೋ ಸಲ ರಾತ್ರಿಯದ್ದು ಮಧ್ಯಾಹ್ನದ ಸಾಂಬಾರೇ, ನೀರು ಮತ್ತು ಹೊಸ ಒಗ್ಗರಣೆ ಬಿದ್ದಿರುತ್ತೆ ಅಷ್ಟೆ. ಸೋಮವಾರ ಮೂಲಂಗಿ, ಮಂಗಳವಾರ ಸೀಮೆಬದನೆ ಅಂತ ಬೋರ್ಡಿನಲ್ಲಿ ಹೆಸರು ಬದಲಾಗುತ್ತೆ. ತಟ್ಟೆಗೆ ಬಂದಾಗ ಎರಡಕ್ಕೂ ವ್ಯತ್ಯಾಸ ಹೇಳೋನು ಜಾಣ.

ಪ್ರತಿ ಮೀಟಿಂಗಲ್ಲೂ ಇದನ್ನು ಎತ್ತಿದಾಗ ಬರೋ ಉತ್ತರ ಒಂದೇ: "ಐಟಂ ಜಾಸ್ತಿ ಮಾಡಿದ್ರೆ ಬಿಲ್ ಜಾಸ್ತಿ ಬರುತ್ತೆ." ನಮ್ಮದು ಡಿವೈಡಿಂಗ್ ಮೆಸ್. ತಿಂಗಳ ಖರ್ಚು ತಲೆಗೆ ಹಂಚಿಕೊಳ್ಳೋದು. ಹಾಗಾಗಿ ಈ ಹೆದರಿಕೆ ಸರಿಯಾದದ್ದೇ. ಮನೆಯಿಂದ ಬರೋ ದುಡ್ಡಲ್ಲಿ ನೂರು ರೂಪಾಯಿ ಹೆಚ್ಚಾದರೂ ಕಷ್ಟ ಆಗೋರು ನಮ್ಮಲ್ಲಿ ಸುಮಾರು ಜನ ಇದ್ದಾರೆ. ಆದ್ರೆ ನಾನು ಐಟಂ ಜಾಸ್ತಿ ಮಾಡಿ ಅಂತ ಕೇಳ್ತಾ ಇಲ್ಲ. ವಾರದಲ್ಲಿ ಎರಡು ರಾತ್ರಿ ಬೇಳೆ ಬದಲು ಕಾಳು ಬೇಯಿಸಿ ಅಂತ ಕೇಳ್ತಿದ್ದೀನಿ. ಒಂದು ರಾತ್ರಿ ಬಸ್ಸಾರು, ಇನ್ನೊಂದು ರಾತ್ರಿ ಉಪ್ಪೆಸರು.

ಸ್ಟೋರ್ ಪುಸ್ತಕ ತಗೊಂಡು ಒಂದು ರಾತ್ರಿಯ ಲೆಕ್ಕ ಹಾಕೋಣ. ನಾವು ನೂರಿಪ್ಪತ್ತು ಜನ. ಒಂದು ಹೊತ್ತಿನ ಸಾಂಬಾರಿಗೆ ಮೂರೂವರೆ ಕೆಜಿ ತೊಗರಿಬೇಳೆ ಹೋಗುತ್ತೆ. ನಮಗೆ ಸಿಕ್ಕ ದರ ಕೆಜಿಗೆ 130, ಅಂದ್ರೆ 455 ರೂಪಾಯಿ. ಅದರೊಳಗೆ ಎಂಟು ಕೆಜಿ ತರಕಾರಿ, 280. ಜೊತೆಗೆ ಹತ್ತು ಕೆಜಿ ಎಲೆಕೋಸಿನ ಪಲ್ಯ, 250. ಒಟ್ಟು 985. ಎಣ್ಣೆ, ಗ್ಯಾಸು, ಮಸಾಲೆ ಎರಡೂ ಕಡೆ ಇದ್ದದ್ದೇ, ಅದನ್ನು ಬಿಡಿ.

ಈಗ ಹುರುಳಿಕಾಳಿನ ಬಸ್ಸಾರು. ಐದು ಕೆಜಿ ಹುರುಳಿ, ಕೆಜಿಗೆ 80ರಂತೆ 400. ನಲವತ್ತು ಕಂತೆ ಸೊಪ್ಪು, ಕಂತೆಗೆ ಹತ್ತರಂತೆ ಇನ್ನೊಂದು 400. ಮಸಾಲೆ ರುಬ್ಬೋಕೆ ಕಾಯಿ, ಈರುಳ್ಳಿ, ಬೆಳ್ಳುಳ್ಳಿ ಸಾಂಬಾರಿಗಿಂತ ಸ್ವಲ್ಪ ಜಾಸ್ತಿ ಬೇಕು, ಅದಕ್ಕೊಂದು 60 ಇಟ್ಟುಕೊಳ್ಳಿ. 860 ಆಯ್ತು. ಇಷ್ಟರಲ್ಲೇ ಸಾರೂ ಬಂತು, ಪಲ್ಯವೂ ಬಂತು. ಗುಟ್ಟೆಲ್ಲ ಇಲ್ಲೇ ಇರೋದು. ಸಾಂಬಾರಿಗೆ ಒಂದು ಪಲ್ಯ ಬೇರೆ ಮಾಡಬೇಕು, ಬಸ್ಸಾರಲ್ಲಿ ಬಸಿದ ಕಟ್ಟು ಸಾರಾಗುತ್ತೆ, ಉಳಿದ ಕಾಳು ಸೊಪ್ಪೇ ಪಲ್ಯ ಆಗುತ್ತೆ. ಮಂಡ್ಯ ಕಡೆಯವರಿಗೆ ಇದನ್ನ ನಾನೇನು ಹೊಸದಾಗಿ ಹೇಳಬೇಕಾಗಿಲ್ಲ.

ಉಪ್ಪೆಸರು ಇನ್ನೂ ಸಲೀಸು. ನಾಲ್ಕು ಕೆಜಿ ಹೆಸರುಕಾಳು 440, ಸೊಪ್ಪು 400. ಕಾಯಿ ಬೇಡ, ಟೊಮೆಟೊ ಬೇಡ. ಕಾಳು ಸೊಪ್ಪು ಉಪ್ಪು ಹಾಕಿ ಬೇಯಿಸಿ ಬಸಿದರೆ ಸಾರು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ರುಬ್ಬಿದ ಖಾರ ಪಕ್ಕದಲ್ಲಿ. ಖಾರ ಬೇಕಾದವರು ಕಲಸ್ಕೋತಾರೆ, ಬೇಡದವರು ಬಿಡ್ತಾರೆ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತಲ್ಲ, ಅಂಥ ಟೈಮಲ್ಲಿ ಬಿಲ್ ಹಿಡಿತಕ್ಕೆ ತರೋದು ಇಂಥ ಸಾರುಗಳೇ.

ಒಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. ಬಸ್ಸಾರಿಗೂ ಹುರುಳಿ ಬದಲು ಹೆಸರುಕಾಳು ಹಾಕಿದರೆ ಉಳಿತಾಯ ಇಲ್ಲ. ಐದು ಕೆಜಿಗೆ 550 ಆಗುತ್ತೆ, ಒಟ್ಟು ಸಾಂಬಾರಿಗಿಂತ ಇಪ್ಪತ್ತೈದು ರೂಪಾಯಿ ಜಾಸ್ತಿಯೇ. ಹುರುಳಿ ಅಗ್ಗ ಇರೋದರಿಂದಲೇ ಲೆಕ್ಕ ಕೂಡೋದು. ಬೇಸಿಗೆ ಬಂದಾಗ "ಹುರುಳಿ ಉಷ್ಣ" ಅಂತ ಅರ್ಧ ಹಾಸ್ಟೆಲ್ ಗೊಣಗುತ್ತೆ, ಅದೂ ಗೊತ್ತು. ಮಾರ್ಚ್‌ನಿಂದ ಮೇ ತನಕ ಅಲಸಂದೆಗೆ ಬದಲಾಯಿಸಿ. ಆ ಮೂರು ತಿಂಗಳು ಉಳಿತಾಯ ಕಮ್ಮಿ ಆಗಬಹುದು, ಆಗಲಿ.

ಅಡುಗೆಮನೆ ಕಡೆಯಿಂದ ಏನು ಕಷ್ಟ ಅಂತ ಅಡುಗೆಯಣ್ಣನ್ನೇ ಕೇಳಿದೆ. "ಬಸ್ಸಾರು ಮಾಡೋದು ಕಷ್ಟ ಅಲ್ಲ ಕಣಪ್ಪ. ನಲವತ್ತು ಕಂತೆ ಸೊಪ್ಪು ಯಾರು ಬಿಡಿಸ್ತಾರೆ, ಅದು ಹೇಳು ಮೊದ್ಲು" ಅಂದರು. ನ್ಯಾಯವಾದ ಮಾತು. ಇದಕ್ಕೆ ನನ್ನ ಉತ್ತರ ಎರಡು. ಆ ದಿನ ಎಲೆಕೋಸು ಹೆಚ್ಚೋ ಕೆಲಸ ಇಲ್ಲ, ಸಾಂಬಾರಿನ ತರಕಾರಿ ಹೆಚ್ಚೋದೂ ಇಲ್ಲ. ಆ ಹೊತ್ತು ಸೊಪ್ಪಿಗೆ ಸಿಗುತ್ತೆ. ಇನ್ನೊಂದು, ಸೊಪ್ಪು ಯಾವುದು ಅಂತ ನೋಡಿ ತರಬೇಕು. ನುಗ್ಗೆಸೊಪ್ಪು ರುಚಿ ಅಂತ ತಂದರೆ ಎಲೆ ಉದುರಿಸೋದರಲ್ಲೇ ಸಂಜೆ ಆಗುತ್ತೆ. ಕೀರೆ, ದಂಟು, ಸಬ್ಬಸಿಗೆ ಆದ್ರೆ ಬೇರು ಕತ್ತರಿಸಿ ಸಣ್ಣಗೆ ಹೆಚ್ಚಿದರೆ ಮುಗೀತು. ಮಣ್ಣು ಇರುತ್ತೆ, ಮೂರು ನೀರು ತೊಳೆಯಲೇಬೇಕು. ತೊಳೆಯೋ ಟಬ್ಬಿನ ತಳದಲ್ಲಿ ಮರಳು ಕೂರೋದು ನಿಲ್ಲೋ ತನಕ. ಹಿಂದಿನ ದಿನ ತಂದಿಟ್ಟ ಸೊಪ್ಪು ಬೇಡ, ಅರ್ಧ ಬಾಡಿ ಹಳದಿಯಾಗಿ ಕಸಕ್ಕೆ ಹೋಗುತ್ತೆ. ಆವತ್ತು ಬೆಳಿಗ್ಗೆಯೇ ಮಾರ್ಕೆಟ್ಟಿನಿಂದ ಬರಬೇಕು. ಕಾಳನ್ನು ಮಾತ್ರ ತಿಂಗಳಿಗೊಂದು ಸಲ ಬಂಡಿಪಾಳ್ಯದ ಎಪಿಎಂಸಿಯಿಂದ ಮೂಟೆಯಲ್ಲೇ ತಂದುಬಿಡಬಹುದು.

ಕಾಳಿನ ವಿಷಯದಲ್ಲಿ ಎಡವೋ ಜಾಗ ಮೂರಿವೆ. ಹುರುಳಿ ಹಿಂದಿನ ರಾತ್ರಿಯೇ ನೆನೆಯಬೇಕು. ನೆನೆಹಾಕೋದು ಮರೆತರೆ ಎಷ್ಟು ಬೇಯಿಸಿದರೂ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ, ಗ್ಯಾಸೂ ದಂಡ. ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಸುಕಬೇಕು, ಆಮೇಲೆ ಸೊಪ್ಪು ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕಾಳು ಬೇಯೋ ಹೊತ್ತಿಗೆ ಸೊಪ್ಪು ಕರಗಿ ಪಲ್ಯ ಅಂಬಲಿಯಾಗುತ್ತೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಬಸಿಯುವಾಗ ಕೆಳಗೆ ಪಾತ್ರೆ ಇರಬೇಕು! ನಗಬೇಡಿ. ಹೊಸಬರು ಯಾರಾದರೂ ಅಭ್ಯಾಸಬಲದಿಂದ ಗಂಜಿ ಬಸಿದ ಹಾಗೆ ಕಟ್ಟನ್ನು ಮೋರಿಗೆ ಬಿಟ್ಟರೆ ಆವತ್ತು ನೂರಿಪ್ಪತ್ತು ಜನಕ್ಕೆ ಸಾರೇ ಇಲ್ಲ.

ಇನ್ನು ಮುದ್ದೆ. ಬಸ್ಸಾರು ಇದ್ದ ಮೇಲೆ ಮುದ್ದೆ ಬೇಕು, ಆದ್ರೆ ಎಲ್ಲರಿಗೂ ಬೇಡ. ಅರ್ಧ ಜನ ತಿಂತಾರೆ ಅಂದುಕೊಂಡರೆ ಏಳು ಕೆಜಿ ರಾಗಿ ಹಿಟ್ಟು, ಅಷ್ಟೇ ಹೆಚ್ಚುಕಮ್ಮಿ ದುಡ್ಡಿನ ಅಕ್ಕಿ ಉಳಿಯುತ್ತೆ. ಅಲ್ಲಿಗಲ್ಲಿಗೆ. ಮುದ್ದೆ ತಿರುವೋಕೆ ತೋಳಲ್ಲಿ ಕಸುವಿರೋರು ನಮ್ಮ ಅಡುಗೆಮನೆಯಲ್ಲಿ ಇರೋದು ಒಬ್ಬರೇ. ಹಾಗಾಗಿ ಬೇಕಾದವರು ಸಂಜೆ ನಾಲ್ಕರೊಳಗೆ ಹೆಸರು ಬರೆಯಲಿ. ಬರೆಯದವರಿಗೆ ಅನ್ನ.

ಈಗ ನಮ್ಮ ಉತ್ತರ ಕರ್ನಾಟಕದ ಗೆಳೆಯರ ಮುಖ ಕಾಣ್ತಿದೆ. "ಮೈಸೂರಿಗೆ ಬಂದು ಮುದ್ದಿ ನುಂಗಬೇಕೇನ್ರಿ" ಅಂತ. ಅವರಿಗೆ ವರ್ಷಗಟ್ಟಲೆ ನಾವು ಏನೂ ಕೊಟ್ಟಿಲ್ಲ ಅನ್ನೋದು ನಿಜ. ಬಸ್ಸಾರಿನ ರಾತ್ರಿಯೇ ಖಡಕ್ ರೊಟ್ಟಿ ಇಡೋಣ. ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ, ತಟ್ಟೋ ಕೆಲಸ ಇಲ್ಲ. ಕಾಳುಪಲ್ಯ ಇದ್ದೇ ಇದೆಯಲ್ಲ, ರೊಟ್ಟಿಗೆ ಅದಕ್ಕಿಂತ ಜೊತೆ ಬೇಕಾ? ಒಂದೇ ಪಲ್ಯ ಆ ಕಡೆ ರೊಟ್ಟಿಗೆ, ಈ ಕಡೆ ಮುದ್ದೆಗೆ.

ರೊಟ್ಟಿಗೆ ದುಡ್ಡು ಎಲ್ಲಿಂದ? ಬಸ್ಸಾರಿನಿಂದ 125, ಉಪ್ಪೆಸರಿನಿಂದ 145, ಒಟ್ಟು 270 ಉಳಿದಿದೆ. ಇನ್ನು ಗುರುವಾರ ರಾತ್ರಿಯ ಪಲಾವ್ ಕಡೆ ಬನ್ನಿ. ಮುಸುರೆ ಬಕೆಟ್ಟನ್ನು ಹಸು ಸಾಕೋರು ತಗೊಂಡು ಹೋಗೋ ಮುಂಚೆ ಸ್ಟೋರಿನ ತಕ್ಕಡಿಯಲ್ಲಿಟ್ಟು ನೋಡಿದೀನಿ. ಬೇರೆ ರಾತ್ರಿಗಳಿಗಿಂತ ಗುರುವಾರ ಹನ್ನೆರಡು ಕೆಜಿಯಷ್ಟು ಜಾಸ್ತಿ ಇರುತ್ತೆ. ಒಂದು ಕೆಜಿ ಅಕ್ಕಿ ಬೆಂದರೆ ಸುಮಾರು ಮೂರು ಕೆಜಿ ಆಗುತ್ತೆ, ಅಂದ್ರೆ ನಾಲ್ಕು ಕೆಜಿ ಅಕ್ಕಿ ಹಸುವಿನ ಪಾಲು. ಪಲಾವ್ ಕೆಟ್ಟದ್ದು ಅಂತಲ್ಲ. ಆವತ್ತು ಬೆಳಿಗ್ಗೆ ಟೊಮೆಟೊ ಬಾತ್, ಮಧ್ಯಾಹ್ನ ಅನ್ನ, ರಾತ್ರಿ ಪಲಾವ್. ಮೂರು ಹೊತ್ತೂ ಅಕ್ಕಿ. ಟೊಮೆಟೊ ಬಾತನ್ನು ಬುಧವಾರಕ್ಕೆ ಹಾಕಿ, ಬುಧವಾರದ ಇಡ್ಲಿಯನ್ನು ಗುರುವಾರಕ್ಕೆ ತನ್ನಿ. ಇಡ್ಲಿಯೂ ಅಕ್ಕಿಯೇ ಅಂತ ವಾದ ಮಾಡಬೇಡಿ, ಬಾಯಿಗೆ ಬೇರೆ ಅನ್ನಿಸಿದರೆ ಸಾಕು. ಪಲಾವಿನ ಅಕ್ಕಿ ಹದಿನಾಲ್ಕರಿಂದ ಹತ್ತು ಕೆಜಿಗೆ ಇಳಿಸಿ. ಐವತ್ತರ ಅಕ್ಕಿ, ಇನ್ನೂರು ರೂಪಾಯಿ ಉಳೀತು. ಒಟ್ಟು 470. ಆರು ರೂಪಾಯಿಯಂತೆ ಎಪ್ಪತ್ತೈದು ರೊಟ್ಟಿಗೆ 450. ಇಪ್ಪತ್ತು ರೂಪಾಯಿ ಮಿಕ್ಕಿತು, ಅದರಲ್ಲಿ ನಿಂಬೆಹಣ್ಣು ತನ್ನಿ.

ದೋಸೆ ಕೇಳ್ತಿರೋರಿಗೂ ಒಂದು ಮಾತು. ನಾನೂ ದೋಸೆಪ್ರಿಯನೇ. ಆದ್ರೆ ತಲೆಗೆ ಮೂರು ಅಂದ್ರೂ 360 ದೋಸೆ. ನಮ್ಮ ಕಾವಲಿಯಲ್ಲಿ ಒಂದು ಸಲಕ್ಕೆ ಆರು, ಮೂರು ನಿಮಿಷ ಬೇಕು. ಮೂರು ಗಂಟೆ ಹೊಯ್ಯಬೇಕು, ತಿಂಡಿ ಟೈಮ್ ಇರೋದು ಒಂದೂವರೆ ಗಂಟೆ. ಅಕ್ಕಿರೊಟ್ಟಿಯೂ ಅದೇ ಕಥೆ. ಅದರ ಬದಲು ಶನಿವಾರ ಚಿತ್ರಾನ್ನ ಬಿಟ್ಟು ಗೊಜ್ಜವಲಕ್ಕಿ ಮಾಡಬಹುದು. ತರಿ ಮಾಡಿದ ಅವಲಕ್ಕಿಯನ್ನು ಹುಣಸೆ ರಸ, ಬೆಲ್ಲ, ಸಾರಿನ ಪುಡಿಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟರೆ ಆಯ್ತು, ಒಲೆ ಕೆಲಸ ಕಮ್ಮಿ. ನೀರು ಹದ ತಪ್ಪಿದರೆ ಮಾತ್ರ ಮುದ್ದೆ ಆಗುತ್ತೆ. ಮೊದಲ ಸಲ ಎರಡು ಕೆಜಿಯಲ್ಲಿ ನೋಡಿ ಆಮೇಲೆ ಹತ್ತು ಕೆಜಿಗೆ ಕೈ ಹಾಕಲಿ.

ಭಾನುವಾರದ ಚಿಕನ್ನಿಗೆ ನಾನು ಕೈ ಹಾಕಿಲ್ಲ, ಜೀವದ ಮೇಲೆ ಆಸೆ ಇದೆ.

ಮಂಗಳವಾರ ಬಸ್ಸಾರು, ಶನಿವಾರ ಉಪ್ಪೆಸರು. ನಡುವೆ ಮೂರು ದಿನ ಇರೋದರಿಂದ ಸೊಪ್ಪು ಬಿಡಿಸೋ ಕೆಲಸ ಒಟ್ಟಿಗೆ ಬೀಳಲ್ಲ. ಮೊದಲ ಎರಡು ಮಂಗಳವಾರ ಸಂಜೆ ಸೊಪ್ಪು ಬಿಡಿಸೋಕೆ ನಮ್ಮ ಫ್ಲೋರಿನಿಂದ ಐದು ಜನ ಬರ್ತೀವಿ, ಮಾತಾಡಿ ಆಗಿದೆ. ಒಂದು ತಿಂಗಳು ನಡೆಸಿ. ಕಾಳಿನ ದರ, ಸೊಪ್ಪಿನ ದರ, ಮುಸುರೆ ಬಕೆಟ್ಟಿನ ತೂಕ, ಮೂರನ್ನೂ ಸ್ಟೋರ್ ಪುಸ್ತಕದಲ್ಲೇ ಬರೆಯೋಣ. ತಿಂಗಳ ಕೊನೆಗೆ ತಲೆಗೆ ಬರೋ ಬಿಲ್ ಈಗಿನದಕ್ಕಿಂತ ಜಾಸ್ತಿ ಬಂದರೆ ಹಳೇ ಮೆನುಗೇ ವಾಪಸ್ ಹೋಗಿ, ನಾನು ಬಾಯಿ ಬಿಡಲ್ಲ.

ಮುಂದಿನ ಮೀಟಿಂಗಿಗೆ ದಯವಿಟ್ಟು ಅಡುಗೆಯಣ್ಣನ್ನೂ ಕರೀರಿ. ಮೆನು ಬರೆಯೋರು ನಾವು, ಒಲೆ ಮುಂದೆ ನಿಲ್ಲೋರು ಅವರು. ಇಷ್ಟು ದಿನ ಅವರನ್ನ ಒಂದು ಸಲವೂ ಕೂರಿಸಿ ಕೇಳಿಲ್ಲ.